ಶಾಲಾ ನಾಟಕದ ವಿಮರ್ಶೆ ಬರೆಯುವುದು: ಮೊದಲು ಗಡಿಯಾರ, ಆಮೇಲೆ ರಂಗಸಜ್ಜಿಕೆ, ಕೊನೆಗೆ ಅಭಿನಯ

ಶಾಲೆಗಳ ವಾರ್ಷಿಕ ಸಂಚಿಕೆಗೆ ಬರುವ ನಾಟಕ ವಿಮರ್ಶೆಗಳನ್ನು ಕೆಲವು ವರ್ಷಗಳಿಂದ ನಾನು ತಿದ್ದುತ್ತಿದ್ದೇನೆ. ಬರುವವು ಎರಡೇ ಬಗೆ. ಒಂದು, "ಎಲ್ಲ ಮಕ್ಕಳೂ ಮನೋಜ್ಞವಾಗಿ ಅಭಿನಯಿಸಿ ಪ್ರೇಕ್ಷಕರ ಮನಸೂರೆಗೊಂಡರು." ಇದನ್ನು ನಾಟಕ ನೋಡದೆಯೂ ಬರೆಯಬಹುದು. ಇನ್ನೊಂದು, "ಗೌಡನ ಪಾತ್ರಧಾರಿಯ ಧ್ವನಿ ಕೇಳಲಿಲ್ಲ, ನಾಟಕ ಎಳೆದಂತಿತ್ತು." ಇದು ನೋಡಿಯೇ ಬರೆದದ್ದು, ನಿಜ. ಆದರೆ ತಪ್ಪು ಯಾರದೋ, ಬೈಗುಳ ಹುಡುಗನಿಗೆ.

ಎರಡಕ್ಕೂ ಕಾರಣ ಒಂದೇ. ಬರೆಯುವವರು ಅಭಿನಯದಿಂದ ಶುರು ಮಾಡುತ್ತಾರೆ. ಶಾಲಾ ನಾಟಕದಲ್ಲಿ ಅಭಿನಯದ ದೋಷ ಅಂತ ಕಾಣುವುದರಲ್ಲಿ ಎಷ್ಟೋ ಸಲ ಮೈಕ್, ರಂಗಸಜ್ಜಿಕೆ, ದೃಶ್ಯ ಬದಲಾವಣೆಯ ಪಾಲು ಇರುತ್ತದೆ. ಅವನ್ನು ಮೊದಲು ಲೆಕ್ಕ ಹಾಕಿ ಬದಿಗಿಟ್ಟರೆ ಮಾತ್ರ ಮಕ್ಕಳು ನಿಜಕ್ಕೂ ಏನು ಮಾಡಿದರು ಅಂತ ಕಾಣುತ್ತದೆ. ಅದಕ್ಕೇ ಇಲ್ಲಿ ಹಂತಗಳ ಕ್ರಮ ತಲೆಕೆಳಗಾಗಿದೆ.

ಉದಾಹರಣೆಗೆ ನಾನು ನೋಡಿದ ಒಂದು ಪ್ರಯೋಗವನ್ನೇ ಇಟ್ಟುಕೊಳ್ಳುತ್ತೇನೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇಲಿ ಕಾಟ, ಜೋಗಿ, ಕೊಟ್ಟ ಮಾತಿಗೆ ತಪ್ಪುವ ಗೌಡ, ಜೋಗಿಯ ಹಿಂದೆ ಹೋಗುವ ಮಕ್ಕಳು. ಕತೆ ಎಲ್ಲರಿಗೂ ಗೊತ್ತು. ಶಾಲೆಯ ಹೆಸರು ಬೇಡ.

ಬೇಕಾದ ಸಾಮಾನು

ಒಂದು ನೋಟ್‌ಬುಕ್, ಪೆನ್ಸಿಲ್, ಸೆಕೆಂಡ್ ತೋರಿಸುವ ಗಡಿಯಾರ. ಕತ್ತಲಲ್ಲಿ ಪೆನ್ ಬರೆಯಿತೋ ಇಲ್ಲವೋ ಗೊತ್ತಾಗುವುದಿಲ್ಲ, ಅದಕ್ಕೇ ಪೆನ್ಸಿಲ್. ಮೊಬೈಲ್ ಗಡಿಯಾರ ಬಳಸುವುದಾದರೆ ಪರದೆಯ ಬೆಳಕು ತೀರಾ ಕಡಿಮೆ ಮಾಡಿ. ಮೊಬೈಲ್‌ನಲ್ಲಿ ನಾಟಕ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡಿ ಬರೆಯುತ್ತೇನೆ ಅನ್ನಬೇಡಿ. ಮೊಬೈಲ್ ಒಂದು ಮೂಲೆಯನ್ನಷ್ಟೇ ನೋಡುತ್ತದೆ. ಅದರ ಮೈಕ್‌ಗೆ ಪಕ್ಕದ ಕುರ್ಚಿಯವರ ಮಾತೇ ಜಾಸ್ತಿ ಕೇಳುತ್ತದೆ.

ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಎಡಕ್ಕೆ ಸಮಯ, ನಡುವೆ ಕಂಡದ್ದು, ಬಲಕ್ಕೆ ಕಾರಣ. ಬಲಗಡೆಯ ಭಾಗವನ್ನು ನಾಟಕ ನಡೆಯುವಾಗ ಖಾಲಿ ಬಿಡಬೇಕು. ಇದು ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ನೋಡುವ ಮುನ್ನ ಎರಡು ವಿಷಯ ತಿಳಿದುಕೊಳ್ಳಿ

ಮೊದಲನೆಯದು ಮೂಲ ಕೃತಿ. ಕಿಂದರಿಜೋಗಿ ಮೂಲದಲ್ಲಿ ಕಥನ ಪದ್ಯ, ನಾಟಕವಲ್ಲ. ಹಾಗಾಗಿ ಆಡುವವರು ಅದಕ್ಕೊಂದು ರಂಗರೂಪ ಮಾಡಿಕೊಳ್ಳಲೇಬೇಕು. ಪದ್ಯವನ್ನು ಒಮ್ಮೆ ಓದಿಕೊಂಡು ಹೋದರೆ ಯಾವುದು ಕವಿಯದು, ಯಾವುದು ಮೇಷ್ಟ್ರು ಸೇರಿಸಿದ್ದು ಅಂತ ಗೊತ್ತಾಗುತ್ತದೆ. ನಾನು ನೋಡಿದ ಪ್ರಯೋಗದಲ್ಲಿ ಬೆಕ್ಕುಗಳ ಒಂದು ಪಂಚಾಯಿತಿ ದೃಶ್ಯ ಸೇರಿಸಿದ್ದರು. ಒಬ್ಬರು ಅದನ್ನೂ ಕುವೆಂಪು ಅವರ ಲೆಕ್ಕಕ್ಕೆ ಬರೆದು ಕಳುಹಿಸಿದ್ದರು!

ಎರಡನೆಯದು, ಮಾತು ಅಲ್ಲೇ ಆಡುತ್ತಾರೋ ಅಥವಾ ಮೊದಲೇ ರೆಕಾರ್ಡ್ ಮಾಡಿದ್ದೋ ಅನ್ನುವುದು. ಧ್ವನಿಮುದ್ರಿಸಿದ ಸಂಭಾಷಣೆಗೆ ಮಕ್ಕಳು ತುಟಿ ಆಡಿಸುವ ಪದ್ಧತಿ ವಾರ್ಷಿಕೋತ್ಸವಗಳಲ್ಲಿ ಸಾಕಷ್ಟಿದೆ. ಹಾಗಿದ್ದರೆ ಧ್ವನಿಯ ಬಗ್ಗೆ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ದೇಹ, ಮುಖ, ಚಲನೆ ಇಷ್ಟನ್ನೇ ನೋಡಿ. ಗುರುತು ಹಿಡಿಯುವುದು ಸುಲಭ. ಹುಡುಗ ಬೆನ್ನು ತಿರುಗಿಸಿದರೂ ಧ್ವನಿಯ ಮಟ್ಟ ಬದಲಾಗದಿದ್ದರೆ, ಓಡಿ ಬಂದ ಮೇಲೂ ಏದುಸಿರು ಕೇಳದಿದ್ದರೆ, ಅದು ರೆಕಾರ್ಡ್ ಮಾಡಿದ್ದು.

ಹಂತ 2: ಎಲ್ಲಿ ಕೂರಬೇಕು

ಅತಿಥಿಗಳ ಸೋಫಾದಲ್ಲಿ ಕೂರಬೇಡಿ. ಅಲ್ಲಿಗೆ ಎಲ್ಲವೂ ಕೇಳುತ್ತದೆ, ಎಲ್ಲರ ಮುಖವೂ ಕಾಣುತ್ತದೆ. ಸ್ಪೀಕರ್ ಪಕ್ಕವೂ ಬೇಡ. ಕುರ್ಚಿ ಸಾಲುಗಳ ನಡುಭಾಗದಿಂದ ಸ್ವಲ್ಪ ಹಿಂದೆ, ಮಧ್ಯದಲ್ಲಿ ಕೂತರೆ ಸಾಕು. ಸಾಧ್ಯವಾದರೆ ಒಂದು ದೃಶ್ಯವನ್ನು ಕೊನೆಯ ಸಾಲಿನ ಹಿಂದೆ ನಿಂತು ನೋಡಿ. ಅಲ್ಲಿ ಮಾತು ಕೇಳದಿದ್ದರೆ ಅದು ಒಬ್ಬನದೋ, ಎಲ್ಲರದೋ ಅಂತ ಗಮನಿಸಿ. ಎಲ್ಲರ ಮಾತೂ ಒಂದೇ ಜಾಗದಲ್ಲಿ ನಿಂತಾಗ ಕೇಳದಿದ್ದರೆ ಅದು ಮೈಕ್ ಇಟ್ಟ ಜಾಗದ ತೊಂದರೆ. ರಂಗದ ಮುಂದಿನ ಅಂಚಿನಲ್ಲಿ ಎರಡೇ ಮೈಕ್ ನಿಲ್ಲಿಸಿದ್ದರೆ ಮಕ್ಕಳು ಅವುಗಳ ಸುತ್ತ ಗುಂಪು ಕಟ್ಟುತ್ತಾರೆ. ಅದು ನೋಡಲು ಚೆಂದವಿರುವುದಿಲ್ಲ. ಆದರೆ ಅದು ಅವರು ಕಂಡುಕೊಂಡ ಪರಿಹಾರ, ಅಲ್ವಾ?

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹಿಂದೊಮ್ಮೆ ಒಬ್ಬ ಹುಡುಗಿಯ ಬಗ್ಗೆ "ಕೊನೆಯ ದೃಶ್ಯದಲ್ಲಿ ಉತ್ಸಾಹ ಕಳೆದುಕೊಂಡಳು" ಅಂತ ಬರೆದಿದ್ದೆ. ಆಮೇಲೆ ಗೊತ್ತಾಯಿತು, ಆ ದೃಶ್ಯದಲ್ಲಿ ಅವಳ ಕಾಲರ್ ಮೈಕಿನ ಬ್ಯಾಟರಿ ಹೋಗಿತ್ತು. ಕೊನೆಯ ಸಾಲಿಗೆ ಹೋಗಿ ನಿಂತಿದ್ದರೆ, ಅವಳು ಮೈಕ್ ಇಲ್ಲದೆ ಕೂಗಿ ಆಡುತ್ತಿದ್ದದ್ದು ನನಗೂ ತಿಳಿಯುತ್ತಿತ್ತು.

ಹಂತ 3: ಗಡಿಯಾರ ನೋಡಿ ಗತಿ ಬರೆದುಕೊಳ್ಳಿ

"ಎಳೆದಂತಿತ್ತು" ಅನ್ನುವುದು ಅನಿಸಿಕೆ. ಎಲ್ಲಿ ಎಳೆಯಿತು, ಎಷ್ಟು ಹೊತ್ತು, ಅನ್ನುವುದು ವಿಮರ್ಶೆ. ಇದಕ್ಕೆ ಪ್ರತಿ ದೃಶ್ಯ ಶುರುವಾದ ಮತ್ತು ಮುಗಿದ ಸಮಯ ಬರೆದುಕೊಂಡರೆ ಸಾಕು.

ನನ್ನ ಉದಾಹರಣೆಯಲ್ಲಿ ಆಹ್ವಾನ ಪತ್ರಿಕೆ 5:30 ಅಂದಿತ್ತು. ನಾಟಕ ಶುರುವಾದದ್ದು 6:20ಕ್ಕೆ. ಈ 50 ನಿಮಿಷ ಭಾಷಣ ಮತ್ತು ಬಹುಮಾನ ವಿತರಣೆಗೆ ಹೋಯಿತು. ಇದನ್ನು ನಾಟಕದ ಲೆಕ್ಕಕ್ಕೆ ಹಾಕಬಾರದು. ಆದರೆ ನೆನಪಿರಲಿ, ಅಷ್ಟು ಹೊತ್ತು ಕೂತು ಬೇಸತ್ತ ನಿಮಗೆ ಮೊದಲ ದೃಶ್ಯ ಇದ್ದದ್ದಕ್ಕಿಂತ ನಿಧಾನ ಅನಿಸುತ್ತದೆ. ಗಡಿಯಾರ ಬೇಕಾಗುವುದೇ ಇಲ್ಲಿ.

ನಾಟಕ ಮುಗಿದದ್ದು 7:02ಕ್ಕೆ. ಒಟ್ಟು 42 ನಿಮಿಷ, ಆರು ದೃಶ್ಯ, ನಡುವೆ ಐದು ಸಲ ದೀಪ ಆರಿಸಿ ಸಾಮಾನು ಬದಲಿಸಿದರು. ಐದು ಕತ್ತಲೆಗಳು ಕ್ರಮವಾಗಿ 40 ಸೆಕೆಂಡ್, 55 ಸೆಕೆಂಡ್, 1 ನಿಮಿಷ 50 ಸೆಕೆಂಡ್, 1 ನಿಮಿಷ 20 ಸೆಕೆಂಡ್, 35 ಸೆಕೆಂಡ್. ಕೂಡಿದರೆ 5 ನಿಮಿಷ 20 ಸೆಕೆಂಡ್. ಅಂದರೆ ನಾಟಕದ ಎಂಟನೇ ಒಂದು ಭಾಗ ಪ್ರೇಕ್ಷಕರು ಕತ್ತಲೆ ನೋಡುತ್ತಾ ಕೂತಿದ್ದರು.

ಒಟ್ಟು ಮೊತ್ತಕ್ಕಿಂತ ಯಾವ ಕತ್ತಲೆ ಎಲ್ಲಿ ಬಂತು ಅನ್ನುವುದು ದೊಡ್ಡದು. ಮೂರನೇ ದೃಶ್ಯದಲ್ಲಿ ಇಲಿಗಳೆಲ್ಲ ಹೊಳೆಗೆ ಬಿದ್ದವು. ಸಭೆ ಚಪ್ಪಾಳೆ ಹೊಡೆಯಿತು. ಆ ಬಿಸಿ ಆರುವ ಮೊದಲೇ ಗೌಡ ಮಾತಿಗೆ ತಪ್ಪಬೇಕು. ಆಗಲೇ ಅದು ಚುಚ್ಚುವುದು. ಅಲ್ಲೇ ಬಂತು 1 ನಿಮಿಷ 50 ಸೆಕೆಂಡಿನ ಕತ್ತಲೆ. ಸಭೆಯಲ್ಲಿ ಮಾತು ಶುರುವಾಯಿತು, ಯಾರೋ ಮಗುವಿಗೆ ನೀರು ಕುಡಿಸಲು ಎದ್ದರು. ದೀಪ ಬಂದು ಗೌಡ ಬಾಯಿ ಬಿಟ್ಟಾಗ ಅವನ ಮೊದಲ ಎರಡು ಮಾತು ಯಾರಿಗೂ ಕೇಳಲಿಲ್ಲ.

ದೃಶ್ಯದ ಒಳಗಿನ ಗತಿಗೆ ಬೇರೆ ಅಳತೆ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಮನಸ್ಸಿನಲ್ಲೇ "ಒಂದು, ಎರಡು" ಎಣಿಸಿ. ಎರಡು ಎಣಿಸುವಷ್ಟು ಖಾಲಿ ಜಾಗ ಮತ್ತೆ ಮತ್ತೆ ಸಿಕ್ಕರೆ, ಮಕ್ಕಳು ತಮ್ಮ ಸಾಲನ್ನಷ್ಟೇ ಬಾಯಿಪಾಠ ಮಾಡಿದ್ದಾರೆ, ಎದುರಿನವರ ಸಾಲು ಎಲ್ಲಿ ಮುಗಿಯುತ್ತದೆ ಅಂತ ಅವರಿಗೆ ಗೊತ್ತಿಲ್ಲ ಎಂದರ್ಥ. ಒಂದೇ ಸಲ ಆದರೆ ಬಿಟ್ಟುಬಿಡಿ, ಮರೆತಿರಬಹುದು. ಇದರ ತದ್ವಿರುದ್ಧವೂ ಉಂಟು. ಸಭೆ ನಗುತ್ತಿರುವಾಗಲೇ ಮುಂದಿನ ಮಾತು ಆಡಿಬಿಡುವುದು. ತಾಲೀಮಿನಲ್ಲಿ ನಗುವವರು ಇರುವುದಿಲ್ಲವಲ್ಲ, ಹಾಗಾಗಿ ನಗು ಬಂದಾಗ ಕಾಯಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಂತ 4: ರಂಗಸಜ್ಜಿಕೆ ಏನು ಕೆಲಸ ಮಾಡಿತು ನೋಡಿ

ಇಲ್ಲಿ ಸಾಮಾನ್ಯ ತಪ್ಪು ಎಂದರೆ ಖರ್ಚನ್ನು ಹೊಗಳುವುದು. "ಅದ್ಧೂರಿ ರಂಗಸಜ್ಜಿಕೆ" ಅಂತ ಬರೆದವರನ್ನು ಕೇಳಿದರೆ ಹಿಂದೆ ದೊಡ್ಡ ಫ್ಲೆಕ್ಸ್ ಇತ್ತು ಅನ್ನುತ್ತಾರೆ. ನೀವು ಕೇಳಬೇಕಾದದ್ದು ಬೇರೆ. ಇದು ಯಾವ ಜಾಗ ಅಂತ ಕೂಡಲೇ ತಿಳಿಯಿತೇ? ಮಕ್ಕಳಿಗೆ ಓಡಾಡಲು, ಹತ್ತಲು, ಅಡಗಲು ಜಾಗ ಕೊಟ್ಟಿತೇ? ಬೇಗ ಬದಲಾಯಿತೇ?

ಆ ಕಿಂದರಿಜೋಗಿಯಲ್ಲಿ ಹೊಳೆ ಅಂದರೆ ಎರಡು ನೀಲಿ ಸೀರೆ. ಎರಡೂ ತುದಿಯಲ್ಲಿ ನಾಲ್ಕು ಮಕ್ಕಳು ಹಿಡಿದು ಅಲ್ಲಾಡಿಸಿದರು. ಇಲಿಗಳು ಸೀರೆಯ ಅಡಿಗೆ ನುಗ್ಗಿ, ಬಗ್ಗಿಕೊಂಡೇ ಇನ್ನೊಂದು ಕಡೆಯ ಸೈಡ್‌ವಿಂಗ್‌ಗೆ ಹೋದವು. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಮುಳುಗುವುದು ಕಂಡಿತು, ಮೂವತ್ತು ಮಕ್ಕಳು ರಂಗದಿಂದ ಹೊರಗೆ ಹೋಗಲು ದಾರಿಯೂ ಆಯಿತು. ಇಂಥದ್ದನ್ನು ಕಂಡಾಗ ಒಂದೇ ಸಾಲಲ್ಲಿ ಮುಗಿಸಬೇಡಿ. ಹೇಗೆ ಮಾಡಿದರು ಅಂತ ಪೂರ್ತಿ ಬರೆಯಿರಿ. ಮುಂದಿನ ವರ್ಷ ಬೇರೆ ಶಾಲೆಯವರು ನೋಡಿ ಕಲಿಯುತ್ತಾರೆ.

ಚಾವಡಿಯ ಕತೆ ಬೇರೆ. ಬಡಗಿಯಿಂದ ಮರದ ಜಗಲಿ ಮಾಡಿಸಿದ್ದರು, ಕಂಬಗಳೂ ಇದ್ದವು. ನೋಡಲು ನಿಜವಾಗಿಯೂ ಚೆನ್ನಾಗಿತ್ತು. ಆದರೆ ಭಾರ. ಎರಡನೇ ದೃಶ್ಯ ಮುಗಿದ ಮೇಲೆ ಹೊರಗೆ ಒಯ್ಯಬೇಕು, ನಾಲ್ಕನೇ ದೃಶ್ಯಕ್ಕೆ ಮತ್ತೆ ಒಳಗೆ ತರಬೇಕು. ಕತ್ತಲಲ್ಲಿ ನಾಲ್ವರು ಹುಡುಗರು ಅದನ್ನು ಹೊತ್ತು ತರುವುದಕ್ಕೇ ಆ 1 ನಿಮಿಷ 50 ಸೆಕೆಂಡ್ ಹೋದದ್ದು. ಜಗಲಿಯನ್ನು ರಂಗದ ಒಂದು ಪಕ್ಕದಲ್ಲೇ ಬಿಟ್ಟು, ಹೊಳೆಯ ದೃಶ್ಯದಲ್ಲಿ ಅದರ ಮೇಲೆ ಬೆಳಕು ಬೀಳದಂತೆ ಮಾಡಿದ್ದರೆ ಕತ್ತಲೆಯೇ ಬೇಕಿರಲಿಲ್ಲ. ಚೆಂದದ ರಂಗಸಜ್ಜಿಕೆ ನಾಟಕವನ್ನು ನಿಧಾನ ಮಾಡಿತು. ಎರಡೂ ಮಾತನ್ನು ವಿಮರ್ಶೆಯಲ್ಲಿ ಹೇಳಬೇಕು, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಎಚ್ಚರಿಕೆಯ ಗುರುತುಗಳು ಕೆಲವಿವೆ. ಮಕ್ಕಳು ರಂಗಸಜ್ಜಿಕೆಯನ್ನು ಮುಟ್ಟದೆ, ಅದರಿಂದ ದೂರವೇ ನಿಂತು ಆಡುತ್ತಿದ್ದರೆ, ಅದು ಹಿಂದಿನ ದಿನವೋ ಅದೇ ದಿನವೋ ಬಂದದ್ದು, ಅದರೊಂದಿಗೆ ತಾಲೀಮು ಆಗಿಲ್ಲ. ಹಿಂದಿನ ಫ್ಲೆಕ್ಸ್ ಲೈಟಿಗೆ ಹೊಳೆದು ಮಕ್ಕಳ ಮುಖ ಕಪ್ಪಾಗಿ ಕಂಡರೆ, ನಿಮಗೆ ಮುಖಭಾವ ಕಾಣಲಿಲ್ಲ ಅಂತ ಬರೆಯಿರಿ. ಮುಖಭಾವ ಇರಲಿಲ್ಲ ಅಂತ ಬರೆಯಬೇಡಿ.

ಹಂತ 5: ಈಗ ಅಭಿನಯ

ಗತಿ ಮತ್ತು ರಂಗಸಜ್ಜಿಕೆಯ ಲೆಕ್ಕ ಆದ ಮೇಲೆ ಉಳಿದದ್ದು ಮಕ್ಕಳದು. ಮೊದಲು ವಯಸ್ಸು ನೋಡಿ. ಇಲಿಗಳಾಗಿದ್ದದ್ದು ಎರಡನೇ, ಮೂರನೇ ತರಗತಿಯವರು. ಏಳು ವರ್ಷದ ಇಲಿಯಿಂದ ಕೇಳಬಹುದಾದದ್ದು ಇಷ್ಟೇ: ಗುಂಪಿನ ಜೊತೆ ಇರುವುದು, ಇಲಿಯಾಗಿಯೇ ಇರುವುದು, ಸಭೆಯಲ್ಲಿ ಅಮ್ಮ ಕಂಡರೂ ಕೈ ಬೀಸದಿರುವುದು. ಒಂದು ಇಲಿ ಕೈ ಬೀಸಿತು. ಅದನ್ನು ವಿಮರ್ಶೆಯಲ್ಲಿ ದಯವಿಟ್ಟು ತರಬೇಡಿ. ಆದರೆ ಒಂಬತ್ತನೇ ತರಗತಿಯ ಗೌಡನಿಂದ ಜಾಸ್ತಿ ಕೇಳಬಹುದು, ಕೇಳಲೇಬೇಕು. ಅವನನ್ನೂ ಮಗು ಅಂತ ಬಿಟ್ಟುಬಿಟ್ಟರೆ ಅವನ ಮೂರು ತಿಂಗಳ ದುಡಿಮೆಗೆ ಬೆಲೆ ಕೊಟ್ಟಂತಾಗುವುದಿಲ್ಲ.

ನಾನು ಮುಖ್ಯವಾಗಿ ನೋಡುವುದು ಮಾತಿಲ್ಲದಾಗ ಪಾತ್ರ ಏನು ಮಾಡುತ್ತದೆ ಅನ್ನುವುದನ್ನು. ಮಾತನ್ನು ಬಾಯಿಪಾಠ ಮಾಡಿಸಬಹುದು. ಎದುರಿನವರ ಮಾತು ಕೇಳಿಸಿಕೊಳ್ಳುವುದನ್ನು ಹಾಗೆ ಮಾಡಿಸಲು ಆಗುವುದಿಲ್ಲ. ಜೋಗಿ ಹಣ ಕೇಳಿದಾಗ ಗೌಡನ ಕಣ್ಣು ಜೋಗಿಯ ಮೇಲಿತ್ತೇ, ಸಭೆಯ ಮೇಲಿತ್ತೇ, ಸೈಡ್‌ವಿಂಗ್‌ನಲ್ಲಿ ನಿಂತ ಮೇಷ್ಟ್ರ ಮೇಲಿತ್ತೇ? ಈ ಹುಡುಗ ಜೋಗಿಯನ್ನು ನೋಡಲೇ ಇಲ್ಲ. ಎಲೆ ಅಡಿಕೆ ತಟ್ಟೆ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಹಣ ಕೊಡುವ ಮನಸ್ಸಿಲ್ಲ ಅಂತ ಮಾತಿಗೂ ಮೊದಲೇ ಗೊತ್ತಾಯಿತು. ನನ್ನ ಪಾಲಿಗೆ ಆ ಸಂಜೆಯ ಒಳ್ಳೆಯ ಅಭಿನಯ ಅದೇ. ಅದೇ ದೃಶ್ಯದ ಮೊದಲ ಎರಡು ಮಾತು ಕೇಳಲಿಲ್ಲ ಅಂತ ಬೇರೊಬ್ಬರು ಅವನನ್ನು ಬೈದಿದ್ದರು.

ಕಣ್ಣು ಪದೇ ಪದೇ ಸೈಡ್‌ವಿಂಗ್‌ಗೆ ಹೋಗುವುದು ತಾಲೀಮು ಸಾಲದ ಗುರುತು. ಎಲ್ಲ ಪಾತ್ರಗಳೂ ಒಂದೇ ರಾಗದಲ್ಲಿ, ಪ್ರತಿ ವಾಕ್ಯದ ಕೊನೆಯನ್ನು ಎತ್ತಿ ಹೇಳಿದರೆ, ಅದು ಮಕ್ಕಳ ದೋಷವಲ್ಲ. ಯಾರೋ ಒಬ್ಬರು ಎಲ್ಲರಿಗೂ ಹೇಳಿಕೊಟ್ಟ ಧಾಟಿ ಅದು. ನಿರ್ದೇಶನದ ಲೆಕ್ಕಕ್ಕೆ ಬರೆಯಿರಿ.

ಜೋಗಿಯ ವಿಷಯದಲ್ಲಿ ನನಗೆ ತಕರಾರಿತ್ತು. ಕಿಂದರಿಯ ನಾದ ರೆಕಾರ್ಡ್ ಮಾಡಿದ್ದು. ಅದು ಪರವಾಗಿಲ್ಲ. ಆದರೆ ನಾದ ನಿಂತ ಮೇಲೂ ಅವನ ಕೈ ಓಡುತ್ತಿತ್ತು, ಒಂದಲ್ಲ, ಮೂರು ಸಲ. ನಾದ ಎಲ್ಲಿ ನಿಲ್ಲುತ್ತದೆ ಅಂತ ಕೇಳಿ ಅಭ್ಯಾಸ ಮಾಡುವುದು ಹತ್ತನೇ ತರಗತಿಯ ಹುಡುಗನಿಗೆ ಆಗದ ಕೆಲಸವಲ್ಲ. ಇದನ್ನು ನೇರವಾಗಿ ಬರೆದೆ.

ಕುಂಟ ಹುಡುಗನ ಪಾತ್ರದ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳೆಲ್ಲ ಹೋದ ಮೇಲೆ ಹಿಂದೆ ಉಳಿಯುವವನು ಅವನು. ಕುಂಟುವುದನ್ನು ನಗೆಗಾಗಿ ಮಾಡಿಸಿದ್ದರೆ ಅದನ್ನು ನಿರ್ದೇಶಕರ ಆಯ್ಕೆ ಅಂತಲೇ ಟೀಕಿಸಿ. ಹಾಗೆಯೇ ಯಾವ ಮಗುವಿನ ಮೈಬಣ್ಣ, ಎತ್ತರ, ದಪ್ಪ, ಉಗ್ಗು ಇವು ಯಾವುದೂ ಅಭಿನಯದ ಅಂಗವಲ್ಲ. ಅವುಗಳ ಬಗ್ಗೆ ಒಂದು ಪದವೂ ಬೇಡ, ಹೊಗಳಿಕೆಯ ರೂಪದಲ್ಲೂ ಬೇಡ.

ಹಂತ 6: ಮರುದಿನ ನಿರ್ದೇಶಕರನ್ನು ಕೇಳಿ

ಈಗ ನೋಟ್‌ಬುಕ್ಕಿನ ಬಲಭಾಗ ತುಂಬುವ ಹೊತ್ತು. ನಾಟಕ ಮುಗಿದ ಕೂಡಲೇ ಕೇಳಬೇಡಿ. ಆಗ ಅವರು ಕಿರೀಟ ಎಣಿಸುತ್ತಾ, ಮಕ್ಕಳನ್ನು ಪೋಷಕರಿಗೆ ಒಪ್ಪಿಸುತ್ತಾ ಇರುತ್ತಾರೆ. ಮರುದಿನ ಒಂದು ಫೋನ್ ಸಾಕು. ತಾಲೀಮು ಎಷ್ಟು ದಿನ ನಡೆಯಿತು, ರಂಗಸಜ್ಜಿಕೆ ಯಾವಾಗ ಬಂತು, ಆ ದಿನ ಏನಾದರೂ ಕೈಕೊಟ್ಟಿತೇ, ಯಾರಾದರೂ ಕೊನೆಯ ಗಳಿಗೆಯಲ್ಲಿ ಪಾತ್ರ ವಹಿಸಿಕೊಂಡರೇ ಅಂತ ಕೇಳಿ.

ಕಿಂದರಿಜೋಗಿಯ ಮೇಷ್ಟ್ರು ಹೇಳಿದ್ದು ಇದು: ಜಗಲಿ ಬಂದದ್ದು ಅದೇ ದಿನ ಮಧ್ಯಾಹ್ನ. ಹೊತ್ತು ತರುವ ತಾಲೀಮೇ ಆಗಿರಲಿಲ್ಲ. ಮೊದಲೇ ಕಾರಣ ಊಹಿಸಿ ಬರೆದಿದ್ದರೆ ನಾನು "ಹಿನ್ನೆಲೆಯ ಮಕ್ಕಳ ನಿಧಾನ" ಅಂತ ಬರೆದುಬಿಡುತ್ತಿದ್ದೆ. ಬಲಭಾಗ ಖಾಲಿ ಬಿಡಿ ಅಂದದ್ದು ಇದಕ್ಕೇ.

ಕಾರಣ ಗೊತ್ತಾಯಿತು ಅಂತ ದೋಷವನ್ನು ಅಳಿಸಿಹಾಕಬೇಡಿ. ಪ್ರೇಕ್ಷಕ ನೋಡಿದ್ದು ಕತ್ತಲೆಯನ್ನೇ. ಅದು ಯಾರ ಲೆಕ್ಕಕ್ಕೆ ಅನ್ನುವುದಷ್ಟೇ ಬದಲಾಗುತ್ತದೆ.

ಹಂತ 7: ಬರೆಯುವುದು

600 ಪದದ ಜಾಗ ಇದ್ದರೆ ಕತೆಗೆ 60 ಪದ ಮೀರಬೇಡಿ. ಕಳುಹಿಸಿದ ಬರಹಗಳಲ್ಲಿ ಅರ್ಧದಷ್ಟು ಕತೆಯೇ ಇರುವುದನ್ನು ನೋಡಿ ಸಾಕಾಗಿದೆ. ಅತಿಥಿಗಳ ಹೆಸರು ವರದಿಯಲ್ಲಿ ಬರುತ್ತದೆ, ಇಲ್ಲಿ ಬೇಡ. ಉಳಿದ ಜಾಗವನ್ನು ಸಮನಾಗಿ ಹಂಚಬೇಕು ಅಂತಿಲ್ಲ. ಯಾವುದರ ಬಗ್ಗೆ ಹೇಳಲು ಜಾಸ್ತಿ ಇದೆಯೋ ಅದಕ್ಕೆ ಜಾಸ್ತಿ ಕೊಡಿ.

ದೋಷ ಹೇಳುವಾಗ ಪಾತ್ರದ ಹೆಸರು ಬಳಸಿ, ಮಗುವಿನ ಹೆಸರಲ್ಲ. ಮೆಚ್ಚುಗೆಗೆ ಮಗುವಿನ ಹೆಸರು ಬಳಸುವುದಾದರೆ ಶಾಲೆ ಮತ್ತು ಪೋಷಕರ ಒಪ್ಪಿಗೆ ಕೇಳಿ. ನಿಮ್ಮ ಮನೆಯ ಮಗು ನಾಟಕದಲ್ಲಿದ್ದರೆ ಮೊದಲ ಸಾಲಿನಲ್ಲೇ ಹೇಳಿ, ಆ ಪಾತ್ರದ ಬಗ್ಗೆ ಬರೆಯಬೇಡಿ.

ಒಬ್ಬರು ಕಳುಹಿಸಿದ್ದು ಹೀಗಿತ್ತು: "ನಾಲ್ಕನೇ ದೃಶ್ಯದಲ್ಲಿ ಗೌಡನ ಪಾತ್ರಧಾರಿ ವಿಫಲನಾದ. ಮಾತು ಕೇಳಲಿಲ್ಲ. ನಾಟಕ ಎಳೆಯಿತು. ಆದರೆ ರಂಗಸಜ್ಜಿಕೆ ಅದ್ಭುತ."

ನೋಟ್‌ಬುಕ್ಕಿನ ಮೂರು ಭಾಗ ಇಟ್ಟುಕೊಂಡು ಅದನ್ನೇ ಬರೆದರೆ ಹೀಗಾಗುತ್ತದೆ: "ಇಲಿಗಳು ಹೊಳೆ ಸೇರಿದ ಮೇಲೆ ಸುಮಾರು ಎರಡು ನಿಮಿಷ ರಂಗ ಕತ್ತಲಾಗಿತ್ತು. ಮರದ ಜಗಲಿ ಚೆಂದವಿದ್ದರೂ ಅದನ್ನು ಹೊತ್ತು ತರುವ ಹೊತ್ತಿಗೆ ಸಭೆಯ ಗಮನ ಚದುರಿತು, ಗೌಡನ ಮೊದಲ ಮಾತುಗಳು ಗದ್ದಲದಲ್ಲಿ ಹೋದವು. ಗೌಡ ಅದನ್ನು ಸಂಭಾಳಿಸಿದ. ಮಾತು ಬಿಟ್ಟು ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಜೋಗಿಯ ಕಡೆ ನೋಡದ ಆ ಕಣ್ಣಿಗೇ ಸಭೆ ಮತ್ತೆ ಸುಮ್ಮನಾಯಿತು."

ಎರಡರಲ್ಲೂ ದೋಷ ಹೇಳಿದೆ. ಎರಡನೆಯದನ್ನು ಓದಿದ ಮೇಷ್ಟ್ರಿಗೆ ಮುಂದಿನ ಸಲ ಜಗಲಿ ಎಲ್ಲಿಡಬೇಕು ಅಂತ ಗೊತ್ತಾಗುತ್ತದೆ.

ಕಳುಹಿಸುವ ಮುನ್ನ

ಬರೆದದ್ದನ್ನು ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಗಟ್ಟಿಯಾಗಿ ಓದಿ. ನಾಟಕದ ಹೆಸರು ಬದಲಿಸಿದರೂ ಸರಿಹೋಗುವ ವಾಕ್ಯ ಸಿಕ್ಕರೆ ಹೊಡೆದುಹಾಕಿ. "ಮನೋಜ್ಞ", "ಅಮೋಘ", "ಮನಸೂರೆಗೊಂಡಿತು" ಇವೆಲ್ಲ ಆ ಜಾತಿಯವು. "ರಂಗಶಂಕರದಲ್ಲಿ ನೋಡಿದ ನಾಟಕಕ್ಕೆ ಹೋಲಿಸಿದರೆ" ಅಂತ ಎಲ್ಲಾದರೂ ಬಂದಿದ್ದರೆ ಅದನ್ನೂ ತೆಗೆಯಿರಿ. ಈ ಮಕ್ಕಳು ಗಣಿತದ ಕಿರುಪರೀಕ್ಷೆ ಮುಗಿಸಿ ಸಂಜೆ ನಾಲ್ಕೂವರೆಗೆ ತಾಲೀಮಿಗೆ ಬಂದವರು.

ಕೊನೆಗೆ, ದೋಷ ಹೇಳಿದ ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಅಕ್ಷರ ಹಾಕಿ. ಮಗುವಿನದಾದರೆ 'ಮ', ನಿರ್ದೇಶಕರದಾದರೆ 'ನಿ', ಮೈಕ್, ಲೈಟ್, ಸಭಾಂಗಣದ್ದಾದರೆ 'ಸ'. ನನ್ನ ಕಿಂದರಿಜೋಗಿ ಬರಹದಲ್ಲಿ ಏಳು ದೋಷ ಇದ್ದವು. 'ಮ' ಸಿಕ್ಕಿದ್ದು ಒಂದಕ್ಕೇ, ಜೋಗಿಯ ಕೈಗೆ. ನಿಮ್ಮ ಬರಹದಲ್ಲಿ ಎಲ್ಲವೂ 'ಮ' ಆಗಿದ್ದರೆ ಮೇಷ್ಟ್ರಿಗೆ ಇನ್ನೊಂದು ಫೋನ್ ಮಾಡಿ.